ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಾಗ ರಜೆ ಕೇಳುವ ಬಗೆ

ವಯಸ್ಸಾದ ತಾಯಿಯೋ ತಂದೆಯೋ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡರೆ ಮನೆಯವರೆಲ್ಲ ಆಸ್ಪತ್ರೆಗೆ ಓಡುತ್ತಾರೆ. ಆಪರೇಷನ್ ಮುಗಿಯುತ್ತದೆ. ಮರುದಿನ, ಇಲ್ಲವೇ ಅದರ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ವಾರದೊಳಗೆ ಡಿಸ್ಚಾರ್ಜ್ ಕೂಡ ಆಗುತ್ತದೆ. ದುಡಿಯುವ ಮಗ ಅಥವಾ ಮಗಳು ಅಷ್ಟರಲ್ಲಿ ಹದಿನೈದು ದಿನದ ರಜೆಯನ್ನು ಒಂದೇ ಉಸಿರಿಗೆ ಹಾಕಿ, ಅದರಲ್ಲಿ ಅರ್ಧವನ್ನು ಆಸ್ಪತ್ರೆಯ ಕಾರಿಡಾರಿನಲ್ಲೇ ಕಳೆದಿರುತ್ತಾರೆ. ನಿಜವಾದ ಆರೈಕೆ ಶುರುವಾಗುವ ಹೊತ್ತಿಗೆ ರಜೆ ಖಾಲಿ.

ಮನೆಗೆ ಬಂದ ಮೊದಲ ವಾರ ಮಾತ್ರ ಒಬ್ಬರು ಇಡೀ ದಿನ ಪಕ್ಕದಲ್ಲಿರಬೇಕು. ಕಮೋಡಿಗೆ ಎತ್ತರದ ಸೀಟು ಹಾಕಿಸಬೇಕು, ರಾತ್ರಿ ಎದ್ದಾಗ ಕೈ ಹಿಡಿಯಬೇಕು, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಇಂಜೆಕ್ಷನ್ ಅಥವಾ ಮಾತ್ರೆ ತಪ್ಪದಂತೆ ನೋಡಬೇಕು. ಆಮೇಲಿನ ಕೆಲಸ ಹರಿದು ಹಂಚಿಹೋಗುತ್ತದೆ. ಹೊಲಿಗೆ ಬಿಚ್ಚಿಸುವುದು ಸಾಮಾನ್ಯವಾಗಿ ಆಪರೇಷನ್ ಆದ ಎರಡು ವಾರದ ಸುಮಾರಿಗೆ. ಆರು ವಾರಕ್ಕೆ ಎಕ್ಸ್‌ರೇ, ಮೂರು ತಿಂಗಳಿಗೆ ಮತ್ತೊಂದು. ನಡುವೆ ಫಿಸಿಯೋಥೆರಪಿ. ಇವುಗಳ ಮಧ್ಯೆ ಹೇಳದೆ ಕೇಳದೆ ಬರುವ ದಿನಗಳೂ ಇವೆ. ಗಾಯದಿಂದ ನೀರು ಒಸರುವುದು, ಜ್ವರ, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಉಸಿರು ಕಟ್ಟಿದಂತಾಗುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು ಶುರುವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರಿನ ತೊಂದರೆಯಾದರೆ ಒಂದು ಗಂಟೆಯೂ ಕಾಯಬಾರದು. "ನೀನು ಆಫೀಸಿಗೆ ಹೋಗಪ್ಪ, ನಾನು ಹೇಗೋ ನೋಡ್ಕೋತೀನಿ" ಎಂದು ಅಮ್ಮ ಹೇಳುವುದು ಇಂಥ ದಿನಗಳಲ್ಲೇ.

ನಮ್ಮ ಕಾನೂನು ಇದಕ್ಕೆಂದು ಒಂದು ದಿನವನ್ನೂ ಎತ್ತಿಟ್ಟಿಲ್ಲ. ತಂದೆ-ತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ ಎಂದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆ ವಿಧಿಸುತ್ತದೆ. ಆ ಹೊಣೆ ಹೊರಲು ಬೇಕಾದ ರಜೆಯ ಮಾತು ಅದರಲ್ಲಿಲ್ಲ. ಕೇಂದ್ರ ಸರ್ಕಾರಿ ನೌಕರರು ವರ್ಷದ 30 ದಿನ ಗಳಿಕೆ ರಜೆ, 20 ದಿನ ಅರ್ಧವೇತನ ರಜೆ, 8 ದಿನ ಸಾಂದರ್ಭಿಕ ರಜೆಗಳನ್ನು ಹೆತ್ತವರ ಆರೈಕೆಗೂ ಬಳಸಬಹುದು ಎಂದು ಸರ್ಕಾರ 2025ರ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಿತು. ಇದು ಹೊಸ ರಜೆಯಲ್ಲ, ಮೊದಲೇ ಇದ್ದದ್ದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಖಾಸಗಿ ಕಚೇರಿಯವರಿಗೆ 20 ದಿನದ ಕೆಲಸಕ್ಕೆ ಒಂದು ದಿನದಂತೆ ಸಂಬಳಸಹಿತ ರಜೆ ಕೂಡುತ್ತದೆ. ಅದಲ್ಲದೆ ಅನಾರೋಗ್ಯಕ್ಕೋ ಬೇರೆ ಸಮಂಜಸ ಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ ಸಿಗುತ್ತದೆ. ತಾಯಿಯ ಆಪರೇಷನ್ನಿಗಿಂತ ಸಮಂಜಸವಾದ ಕಾರಣ ಇನ್ನೇನಿದ್ದೀತು? ಇಎಸ್‌ಐ ಕಾರ್ಡು ಇರುವ ಕಾರ್ಮಿಕರ ಸ್ಥಿತಿ ಇನ್ನೂ ಬಿಗಿ. ಅವಲಂಬಿತ ತಂದೆ-ತಾಯಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ, ಆದರೆ ಕಾಯಿಲೆ ಭತ್ಯೆಯ ಹಣ ಬರುವುದು ಕಾರ್ಮಿಕರು ತಾವೇ ಕಾಯಿಲೆ ಬಿದ್ದಾಗ ಮಾತ್ರ.

ಇರುವ ರಜೆಯನ್ನೇ ಹೇಗೆ ಹಂಚಿಕೊಳ್ಳಬಹುದು ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುವ ಮಗಳ ಖಾತೆಯಲ್ಲಿ 18 ದಿನ ರಜೆ ಇದೆ, ವಾರಕ್ಕೆ ಐದು ದಿನ ಕೆಲಸ ಎಂದುಕೊಳ್ಳಿ. ಆಸ್ಪತ್ರೆಯ ದಿನಗಳನ್ನು ತಮ್ಮ ನೋಡಿಕೊಂಡ. ಅಮ್ಮ ಶುಕ್ರವಾರ ಸಂಜೆ ಮನೆಗೆ ಬಂದರು. ಸೋಮವಾರದಿಂದ ಶುಕ್ರವಾರದವರೆಗೆ 5 ದಿನ ಪೂರ್ತಿ ರಜೆ. ಹೊಲಿಗೆ ಬಿಚ್ಚಿಸಲು 1 ದಿನ. ಮುಂದಿನ ನಾಲ್ಕು ಬುಧವಾರ ಫಿಸಿಯೋಥೆರಪಿಗೆ ಅರ್ಧರ್ಧ ದಿನ, ಅಂದರೆ 2 ದಿನ. ಎರಡು ಎಕ್ಸ್‌ರೇಗೆ 2 ದಿನ. ಹೇಳದೆ ಬರುವ ತೊಂದರೆಗೆ 4 ದಿನ ಮೀಸಲು. ಒಟ್ಟು 14. ಇದೇ 14 ದಿನವನ್ನು ಸತತವಾಗಿ ತೆಗೆದುಕೊಂಡಿದ್ದರೆ ಮೂರು ವಾರ ತುಂಬುವ ಮೊದಲೇ ಮುಗಿಯುತ್ತಿತ್ತು. ಎರಡೂ ಎಕ್ಸ್‌ರೇ ಅದರ ಆಚೆಗೆ ಬೀಳುತ್ತಿದ್ದವು.

ಬಿಡಿ ದಿನಗಳು ಬೇಕೆಂದರೆ ಮೇಲಧಿಕಾರಿ ಹಿಂಜರಿಯುವುದು ಹೆಚ್ಚಾಗಿ ಇದಕ್ಕೆ ಕೊನೆ ಎಲ್ಲಿ ಎಂಬ ಅನುಮಾನದಿಂದ. "ಬೇಕಾದಾಗ ರಜೆ ಕೊಡಿ ಸಾರ್" ಎಂದರೆ ಯಾರಿಗಾದರೂ ಕಷ್ಟವೇ. ಹಾಗಾಗಿ ಪತ್ರದಲ್ಲಿ ಒಟ್ಟು ಎಷ್ಟು ದಿನ, ಯಾವ ತಾರೀಖಿನವರೆಗೆ, ಯಾವುದು ನಿಗದಿ, ಯಾವುದು ಮೀಸಲು ಎಂಬುದು ಇರಲಿ. ಹೀಗೆ ಬರೆಯಬಹುದು:

"ಮಾನ್ಯರೇ, ನನ್ನ ತಾಯಿಯವರಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿದ್ದು, ಈ ಶುಕ್ರವಾರ ಮನೆಗೆ ಬರುತ್ತಿದ್ದಾರೆ. ಮುಂದಿನ ಮೂರು ತಿಂಗಳಲ್ಲಿ ನನ್ನ ಖಾತೆಯಿಂದ ಒಟ್ಟು 14 ದಿನಗಳ ರಜೆಯನ್ನು ಬಿಡಿಯಾಗಿ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಇದರಲ್ಲಿ ಹತ್ತು ದಿನಗಳ ತಾರೀಖನ್ನು ಕೆಳಗೆ ಕೊಟ್ಟಿದ್ದೇನೆ. ಉಳಿದ ನಾಲ್ಕು ದಿನ ತುರ್ತಿಗೆ ಮೀಸಲು. ಅಂಥ ದಿನ ಬೆಳಿಗ್ಗೆ ಎಂಟರೊಳಗೆ ತಿಳಿಸುತ್ತೇನೆ. ನಾನಿಲ್ಲದ ದಿನ ನನ್ನ ಕೆಲಸ ನೋಡಿಕೊಳ್ಳಲು ಸಹೋದ್ಯೋಗಿಯೊಬ್ಬರು ಒಪ್ಪಿದ್ದಾರೆ."

ತಾರೀಖುಗಳು ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ, ಮತ್ತೆ ತೋರಿಸಬೇಕಾದ ದಿನ ಎಂಬಲ್ಲಿ ಸಿಗುತ್ತವೆ. ಅಲ್ಲಿ ಬರೀ "ಎರಡು ವಾರ ಬಿಟ್ಟು" ಎಂದಿದ್ದರೆ ಆಸ್ಪತ್ರೆ ಬಿಡುವ ಮುಂಚೆಯೇ ತಾರೀಖು ಹಾಕಿಸಿಕೊಳ್ಳಿ. ರೋಗಿಯ ಜೊತೆ ಒಬ್ಬರು ಇರಬೇಕು ಎಂದು ವೈದ್ಯರಿಂದ ಎರಡು ಸಾಲಿನ ಪ್ರಮಾಣಪತ್ರವನ್ನೂ ಅಂದೇ ಕೇಳಿ ಪಡೆಯಿರಿ. ಇಡೀ ಕೇಸ್ ಶೀಟನ್ನು ಕಚೇರಿಗೆ ಕೊಡುವ ಅಗತ್ಯವಿಲ್ಲ. ಅದು ಅಮ್ಮನ ಸ್ವಂತ ವಿಷಯ.

ರಜೆ ನಿಯಮದ ಸಣ್ಣ ಅಕ್ಷರಗಳನ್ನು ಮೊದಲೇ ಓದಿ. ಹಲವು ಕಂಪನಿಗಳಲ್ಲಿ ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಶನಿವಾರ, ಭಾನುವಾರವೂ ಲೆಕ್ಕಕ್ಕೆ ಸೇರಿ ಎರಡು ದಿನ ನಾಲ್ಕಾಗುತ್ತದೆ. ಇದಕ್ಕೇ ಬುಧವಾರ ಮೇಲು. ಕೇಂದ್ರ ಸರ್ಕಾರಿ ನೌಕರರ ಗಳಿಕೆ ರಜೆಯ ನಡುವೆ ಬರುವ ಭಾನುವಾರ ರಜೆಯಲ್ಲೇ ಕಳೆಯುತ್ತದೆ, ಸಾಂದರ್ಭಿಕ ರಜೆಯಲ್ಲಿ ಹಾಗಿಲ್ಲ. ಅರ್ಧ ದಿನವೂ ಸಿಗುವುದರಿಂದ ಬಿಡಿ ದಿನಗಳಿಗೆ ಅದನ್ನೇ ಉಳಿಸಿಕೊಳ್ಳುವುದು ಜಾಣತನ. ಕಾರ್ಖಾನೆಯ ಪಾಳಿಯಲ್ಲಿ ಅರ್ಧ ದಿನ ಸಿಗುವುದು ಕಷ್ಟ. ಅಲ್ಲಿ ಆರು ವಾರದ ಮಟ್ಟಿಗೆ ಎರಡನೇ ಪಾಳಿ ಕೇಳಿದರೆ ಬೆಳಗಿನ ಹೊತ್ತು ಕೈಗೆ ಸಿಗುತ್ತದೆ. ಬಾಯಿಮಾತಿನ ಒಪ್ಪಿಗೆಯನ್ನು ಮಾತ್ರ ನೆಚ್ಚಬೇಡಿ. "ಆಯ್ತಮ್ಮ, ತಗೊಳ್ಳಿ" ಎಂದ ಮ್ಯಾನೇಜರ್ ವರ್ಗವಾದರೆ ತಿಂಗಳ ಕೊನೆಗೆ ಆ ದಿನಗಳು ಗೈರುಹಾಜರಿಯಾಗಿ ಸಂಬಳದಲ್ಲಿ ಕಡಿತವಾಗಬಹುದು. ಒಪ್ಪಿಗೆ ಇಮೇಲಿನಲ್ಲಿರಲಿ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಆರೈಕೆದಾರರಿಗೆ ವರ್ಷಕ್ಕೆ ಒಂದು ವಾರದ ರಜೆ ಕಾನೂನಿನ ಹಕ್ಕಾಗಿದೆ. ಸಂಬಳವಿಲ್ಲ, ಆದರೆ ಅರ್ಧ ದಿನದಂತೆಯೂ ಬಿಡಿಯಾಗಿ ತೆಗೆದುಕೊಳ್ಳಬಹುದು. ಕಚೇರಿ ಅದನ್ನು ಮುಂದೂಡಬಹುದೇ ಹೊರತು ನಿರಾಕರಿಸುವಂತಿಲ್ಲ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳನ್ನು ಶಿಕ್ಷಿಸಲು ಕಾನೂನು ಮಾಡಿರುವ ನಮ್ಮಲ್ಲಿ, ನೋಡಿಕೊಳ್ಳುವ ಮಕ್ಕಳಿಗೆ ಇಷ್ಟಾದರೂ ಸಿಗಬೇಕು. ನೌಕರರ ಸಂಘಗಳು ಸರ್ಕಾರದ ಮುಂದೆ ಇಡುವ ಬೇಡಿಕೆಗಳ ಪಟ್ಟಿಯಲ್ಲಿ ಸಂಬಳಸಹಿತ, ಬಿಡಿಯಾಗಿ ಬಳಸಬಹುದಾದ ಆರೈಕೆ ರಜೆಯನ್ನೂ ಸೇರಿಸಲಿ.