ಗುಂಗುರು ಕೂದಲಿಗೆ ಎರಡೇ ಬಾಟಲಿ ಸಾಕು

ಗುಂಗುರು ಕೂದಲಿನ ಅನೇಕರಿಗೆ ಬುಡದಲ್ಲಿ ಜಿಡ್ಡು, ತುದಿ ಮಾತ್ರ ಒಣಹುಲ್ಲಿನಂತೆ. ನೆತ್ತಿಯಲ್ಲಿ ಒಸರುವ ಎಣ್ಣೆ ನೇರ ಕೂದಲಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಗಳಲ್ಲಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಅದರ ಮೇಲೆ ನೊರೆ ಉಕ್ಕುವ ಶಾಂಪೂವನ್ನು ತುದಿಯವರೆಗೂ ತಿಕ್ಕಿದರೆ ಇದ್ದಬದ್ದ ಪಸೆಯೂ ಹೋಗಿ, ಒಣಗುತ್ತಿದ್ದಂತೆ ಕೂದಲು ಕೆದರಿ ನಿಲ್ಲುತ್ತದೆ.

ಇದಕ್ಕೆ ಒಂದು ಪರಿಹಾರ ಕೋ-ವಾಶ್. ಶಾಂಪೂ ಮುಟ್ಟದೆ, ಬರೀ ಕಂಡಿಷನರ್‌ನಿಂದ ತಲೆ ತೊಳೆಯುವ ಕ್ರಮವಿದು. ನ್ಯೂಯಾರ್ಕಿನ ಕೇಶವಿನ್ಯಾಸಕಿ ಲೊರೇನ್ ಮಾಸ್ಸಿ ಬರೆದ ‘ಕರ್ಲಿ ಗರ್ಲ್’ ಪುಸ್ತಕ ಇದನ್ನು ಜನಪ್ರಿಯಗೊಳಿಸಿತು. ಕಂಡಿಷನರ್‌ನಲ್ಲಿ ಕೂದಲನ್ನು ನಯಗೊಳಿಸುವ ಅಂಶಗಳಿಗೇ ಕೊಳೆ ಬಿಡಿಸುವ ಗುಣವೂ ಅಲ್ಪಸ್ವಲ್ಪ ಇರುತ್ತದೆ. ಬೆವರು, ತೆಳು ಧೂಳು ಹೋಗಲು ಅಷ್ಟು ಸಾಕು. ಆದರೆ ನಮ್ಮ ಮನೆಗಳಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಬೀಳುತ್ತದೆ, ಎಷ್ಟೋ ಊರುಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಹಾಗಾಗಿ ಬರೀ ಕೋ-ವಾಶ್ ನಂಬಿದರೆ ನಡೆಯದು, ಸೌಮ್ಯ ಶಾಂಪೂ ಜೊತೆಗಿರಬೇಕು.

ಎರಡನ್ನೂ ಆರಿಸಲು ಬಾಟಲಿಯ ಹಿಂಬದಿ ಓದಿ. ಕಂಡಿಷನರ್‌ನಲ್ಲಿ ‘ಡೈಮೆಥಿಕೋನ್’ ಇದ್ದರೆ ಕೋ-ವಾಶ್‌ಗೆ ಬೇಡ. ಅದು ನೀರಿನಲ್ಲಿ ಕರಗದ ಸಿಲಿಕೋನ್. ಶಾಂಪೂ ಇಲ್ಲದೆ ಸುಲಭವಾಗಿ ಬಿಡುವುದಿಲ್ಲ. ಶಾಂಪೂವಿನ ಪಟ್ಟಿಯಲ್ಲಿ ಮೊದಲೇ ‘ಸೋಡಿಯಂ ಲಾರಿಲ್ ಸಲ್ಫೇಟ್’ ಕಂಡರೆ ಅದು ಖಾರದ್ದು. ‘ಡೆಸಿಲ್ ಗ್ಲುಕೋಸೈಡ್’, ‘ಕೊಕಾಮಿಡೋಪ್ರೊಪೈಲ್ ಬೀಟೈನ್’ ಮುಂದಿದ್ದರೆ ಸಾಮಾನ್ಯವಾಗಿ ಸೌಮ್ಯ. ದೊಡ್ಡ ಬಾಟಲಿಗೆ ದುಡ್ಡು ಹಾಕುವ ಮೊದಲು ಅದೇ ಕಂಪನಿಯ ಸ್ಯಾಶೆ ಸಿಕ್ಕರೆ ತಂದು ನೋಡಿ.

ಭುಜ ದಾಟಿದ ದಟ್ಟ ಗುಂಗುರು ಕೂದಲಿನ, ವಾರಕ್ಕೊಮ್ಮೆ ಎಣ್ಣೆ ಹಚ್ಚುವ ಹುಡುಗಿಯೊಬ್ಬಳ ವಾರ ಹೀಗಿರಬಹುದು. ಭಾನುವಾರ ಎಣ್ಣೆ ಹಚ್ಚಿದ ಕೂದಲಿಗೆ ನೀರು ಸೋಕಿಸುವ ಮೊದಲೇ ಎರಡು ಚಮಚ ಕಂಡಿಷನರ್ ಸವರಿ ಐದು ನಿಮಿಷ ಬಿಡಬೇಕು. ಎಣ್ಣೆ ಅದರೊಂದಿಗೆ ಬೆರೆತು ಸಡಿಲವಾಗುತ್ತದೆ. ಆಮೇಲೆ ಎರಡು ಟೀ ಚಮಚ ಶಾಂಪೂವನ್ನು ಅರ್ಧ ಮಗ್ ನೀರಿನಲ್ಲಿ ಕದಡಿ ನೆತ್ತಿಗೆ ಮಾತ್ರ ಸುರಿದು, ಬೆರಳ ತುದಿಯಿಂದ ಉಜ್ಜಬೇಕು. ತುದಿಗಳಿಗೆ ಇಳಿದು ಬರುವ ನೊರೆಯೇ ಸಾಕು. ಕೊನೆಗೆ ತುದಿಗಳಿಗೆ ಮತ್ತೆ ಕಂಡಿಷನರ್.

ಬುಧವಾರ ಕೋ-ವಾಶ್. ತಲೆಯನ್ನು ಚೆನ್ನಾಗಿ ನೆನೆಸಿ, ಮೂರು ಚಮಚ ಕಂಡಿಷನರ್ ಹಚ್ಚಿ, ನೆತ್ತಿಯನ್ನು ಮೂರ್ನಾಲ್ಕು ನಿಮಿಷ ಬಿಡದೆ ಉಜ್ಜಬೇಕು. ನೊರೆ ಇಲ್ಲದ್ದರಿಂದ ಕೊಳೆ ತೆಗೆಯುವ ಕೆಲಸ ಬೆರಳುಗಳದ್ದೇ. ಕೂದಲು ಜಾರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಒಣಗಿದ ಮೇಲೆ ಬಾಚಿದರೆ ಸುರುಳಿ ಒಡೆದು ಹರಡುತ್ತದೆ. ಬಳಿಕ ನೆತ್ತಿಯಲ್ಲಿ ಜಾರು ಉಳಿಯದಂತೆ ತೊಳೆಯಬೇಕು.

ಎರಡೂ ದಿನ ಕೊನೆಯ ಹೆಜ್ಜೆ ಲೀವ್-ಇನ್ ಕಂಡಿಷನರ್, ಅಂದರೆ ಹಚ್ಚಿ ತೊಳೆಯದೆ ಬಿಡುವಂಥದ್ದು. ಕೂದಲಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಒಂದು ರೂಪಾಯಿ ನಾಣ್ಯದಷ್ಟನ್ನು ಅಂಗೈಗೆ ಹಾಕಿ ಉಜ್ಜಿ, ನೆತ್ತಿ ಬಿಟ್ಟು ಉಳಿದೆಡೆ ಸವರಿ. ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಹಿಂಡಿದಾಗ ಪಿಚಪಿಚ ಸದ್ದು ಬಂದರೆ ನೀರಿನ ಅಂಶ ಸಾಕಷ್ಟಿದೆ ಎಂದರ್ಥ. ಒರಟು ಟವೆಲ್ಲಿನಿಂದ ತಿಕ್ಕದೆ ಹಳೆಯ ಹತ್ತಿ ಬನಿಯನ್ನಿನಲ್ಲಿ ಒತ್ತಿ ಒಣಗಿಸಿ.

ಲೀವ್-ಇನ್‌ಗೆ ಬೇರೆ ಖರ್ಚು ಯಾಕೆಂದು ತೊಳೆಯುವ ಕಂಡಿಷನರ್‌ನ್ನೇ ಸ್ವಲ್ಪ ಉಳಿಸಿಕೊಳ್ಳುವವರಿದ್ದಾರೆ. ತಪ್ಪಿಲ್ಲ, ಆದರೆ ಪಟ್ಟಿಯಲ್ಲಿ ‘ಮೀಥೈಲ್‌ಐಸೋಥಯಜೋಲಿನೋನ್’ ಇರಕೂಡದು. ಈ ಸಂರಕ್ಷಕದಿಂದ ಚರ್ಮದ ಅಲರ್ಜಿ ಬರುವ ಕಾರಣಕ್ಕೆ, ಹಚ್ಚಿ ಹಾಗೇ ಬಿಡುವ ಉತ್ಪನ್ನಗಳಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ನಿಷೇಧಿಸಿದೆ.

ಕೂದಲು ಒಣಗಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿದರೆ, ಬುಡ ಜೋತುಬಿದ್ದರೆ, ನೆತ್ತಿ ಕೆರೆದಾಗ ಉಗುರಿನಲ್ಲಿ ಬಿಳಿ ಮೇಣದಂಥದ್ದು ಬಂದರೆ ಕಂಡಿಷನರ್ ಪದರಗಟ್ಟಿದೆ. ಆಗ ಒಮ್ಮೆ ಮಾಮೂಲಿ ಖಾರದ ಶಾಂಪೂ ಹಾಕಿ ತೊಳೆಯುವುದೇ ಸರಿ. ಹೊಟ್ಟು, ತುರಿಕೆ ಹೆಚ್ಚಿರುವವರು ಕೋ-ವಾಶ್‌ಗೆ ಕೈಹಾಕದೆ ಚರ್ಮವೈದ್ಯರನ್ನು ಕಾಣಬೇಕು.

ದುಬಾರಿ ಸೆಟ್ಟು ಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಸಿಲಿಕೋನ್ ಇಲ್ಲದ ಒಂದು ಕಂಡಿಷನರ್, ಒಂದು ಸೌಮ್ಯ ಶಾಂಪೂ, ಇವೆರಡನ್ನು ಒಂದೂವರೆ ತಿಂಗಳು ಬದಲಿಸದೆ ಬಳಸಿ. ಆಮೇಲೂ ಕೂದಲು ಒರಟಾಗಿಯೇ ಇದ್ದರೆ ಮಾತ್ರ ಮೂರನೆಯ ಬಾಟಲಿಯ ಬಗ್ಗೆ ಯೋಚಿಸಿ.