ಡಾಯ್ಚ್–ಜೋಜಾ ಕ್ರಮಾವಳಿ

ಡಾಯ್ಚ್–ಜೋಜಾ ಕ್ರಮಾವಳಿಯು ಒಂದು ಕ್ವಾಂಟಮ್ ಕ್ರಮಾವಳಿ. ಒಳರಚನೆ ತಿಳಿಯದ ಒಂದು ಫಲನವು ಸ್ಥಿರವೋ ಸಮತೋಲಿತವೋ ಎಂಬುದನ್ನು ಇದು ಆ ಫಲನವನ್ನು ಒಂದೇ ಬಾರಿ ಪ್ರಶ್ನಿಸಿ ಖಚಿತವಾಗಿ ನಿರ್ಣಯಿಸುತ್ತದೆ. ಡೇವಿಡ್ ಡಾಯ್ಚ್ ಮತ್ತು ರಿಚರ್ಡ್ ಜೋಜಾ ಇದನ್ನು 1992ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ನಿಯತಕಾಲಿಕದಲ್ಲಿ ಮಂಡಿಸಿದರು. ಆದರೆ ಅವರ ಮೂಲ ರೂಪದಲ್ಲಿ ಎರಡು ಪ್ರಶ್ನೆಗಳು ಬೇಕಾಗಿದ್ದವು. ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ಒಂದೇ ಪ್ರಶ್ನೆಯ ರೂಪವು 1998ರಲ್ಲಿ ಬಂದದ್ದು.

== ಸಮಸ್ಯೆ ==

n ಬಿಟ್‌ಗಳನ್ನು ಸ್ವೀಕರಿಸಿ 0 ಅಥವಾ 1 ಎಂದು ಉತ್ತರಿಸುವ ಒಂದು ಫಲನ f ಇದೆಯೆಂದು ಭಾವಿಸೋಣ. ಅದನ್ನು ಒಂದು ಮುಚ್ಚಿದ ಪೆಟ್ಟಿಗೆಯಂತೆ ಕಾಣಲಾಗುತ್ತದೆ. ಬೆಲೆಯೊಂದನ್ನು ಕೊಟ್ಟು ಉತ್ತರ ಪಡೆಯಬಹುದೇ ಹೊರತು ಒಳಗೆ ಇಣುಕಿ ನೋಡುವಂತಿಲ್ಲ. ಇಂತಹ ಪೆಟ್ಟಿಗೆಗೆ ಗಣಕ ವಿಜ್ಞಾನದಲ್ಲಿ ಒರಾಕಲ್ ಎಂದು ಹೆಸರು. ಎಲ್ಲ ಬೆಲೆಗಳಿಗೂ ಒಂದೇ ಉತ್ತರ ಬಂದರೆ f ಸ್ಥಿರ ಫಲನ. ಸರಿಯಾಗಿ ಅರ್ಧದಷ್ಟು ಬೆಲೆಗಳಿಗೆ 0, ಉಳಿದರ್ಧಕ್ಕೆ 1 ಬಂದರೆ ಅದು ಸಮತೋಲಿತ ಫಲನ. ಕೊಟ್ಟಿರುವ ಫಲನವು ಈ ಎರಡರಲ್ಲಿ ಒಂದಾಗಿರುತ್ತದೆ ಎಂಬ ಭರವಸೆ ಮೊದಲೇ ಇರುತ್ತದೆ.

ಸಾಮಾನ್ಯ ಗಣಕವು ಇದನ್ನು ಖಚಿತವಾಗಿ ಹೇಳಬೇಕಾದರೆ, ಅದೃಷ್ಟ ಕೆಟ್ಟಲ್ಲಿ, 2^(n−1) + 1 ಪ್ರಶ್ನೆಗಳನ್ನು ಕೇಳಬೇಕು. ಅರ್ಧದಷ್ಟು ಬೆಲೆಗಳಿಗೆ ಒಂದೇ ಉತ್ತರ ಬಂದ ಮೇಲೂ ಉಳಿದರ್ಧ ವಿರುದ್ಧವಾಗಿರುವ ಸಾಧ್ಯತೆ ಇದ್ದೇ ಇರುತ್ತದೆ. ಬಿಟ್‌ಗಳು 10 ಆದರೆ 513 ಪ್ರಶ್ನೆಗಳು, 30 ಆದರೆ 53,68,70,913 ಪ್ರಶ್ನೆಗಳು.

== ಕಾರ್ಯವಿಧಾನ ==

ಕ್ರಮಾವಳಿಗೆ n ಕ್ಯೂಬಿಟ್‌ಗಳು ಹಾಗೂ ಒಂದು ಸಹಾಯಕ ಕ್ಯೂಬಿಟ್ ಬೇಕು. ಮೊದಲಿಗೆ n ಕ್ಯೂಬಿಟ್‌ಗಳೂ 0 ಸ್ಥಿತಿಯಲ್ಲಿರುತ್ತವೆ. ಪ್ರತಿಯೊಂದರ ಮೇಲೆ ಹಡಮಾರ್ಡ್ ಗೇಟ್ ಪ್ರಯೋಗಿಸಿದಾಗ ಸಾಧ್ಯವಿರುವ ಎಲ್ಲ ಬೆಲೆಗಳೂ ಸಮಪಾಲಿನಲ್ಲಿ ಬೆರೆತ ಸ್ಥಿತಿ ಉಂಟಾಗುತ್ತದೆ. ಈ ಮಿಶ್ರಣದಲ್ಲಿ ಪ್ರತಿ ಬೆಲೆಗೂ ಆಂಪ್ಲಿಟ್ಯೂಡ್ ಎಂಬ ಸಂಖ್ಯೆಯೊಂದು ಸೇರಿರುತ್ತದೆ. ಅಳತೆ ಮಾಡಿದಾಗ ಆ ಬೆಲೆ ಕಾಣಿಸಿಕೊಳ್ಳುವ ಸಂಭವನೀಯತೆಯು ಈ ಸಂಖ್ಯೆಯ ಪರಿಮಾಣದ ವರ್ಗಕ್ಕೆ ಸಮ. ಸಂಭವನೀಯತೆಯಂತಲ್ಲದೆ, ಆಂಪ್ಲಿಟ್ಯೂಡ್ ಋಣಾತ್ಮಕವೂ ಆಗಿರಬಲ್ಲದು. ಇಡೀ ಕ್ರಮಾವಳಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಒರಾಕಲ್‌ನ ಕೆಲಸ ಸರಳವಾದುದು: f(x) = 1 ಆಗುವ ಬೆಲೆಗಳಿಗೆ ಅದು ಸಹಾಯಕ ಕ್ಯೂಬಿಟ್ಟನ್ನು ತಿರುಗಿಸುತ್ತದೆ, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡುತ್ತದೆ. ಸಹಾಯಕವನ್ನು ಮುಂಚಿತವಾಗಿ (|0⟩ − |1⟩)/√2 ಎಂಬ ಸ್ಥಿತಿಯಲ್ಲಿ ಇರಿಸಲಾಗಿರುತ್ತದೆ. ಇದನ್ನು ತಿರುಗಿಸಿದರೆ ಸ್ಥಿತಿ ಬದಲಾಗದು, ಅದರ ಮುಂದೆ ಒಂದು ಋಣ ಚಿಹ್ನೆ ಮಾತ್ರ ಬರುತ್ತದೆ. ಆ ಚಿಹ್ನೆಯನ್ನು x ಬೆಲೆಯ ಆಂಪ್ಲಿಟ್ಯೂಡ್‌ಗೆ ಸೇರಿದ್ದೆಂದೇ ಎಣಿಸಬಹುದು. ಹೀಗೆ ಒಂದೇ ಪ್ರಶ್ನೆಯಿಂದ f(x) = 1 ಆಗಿರುವ ಎಲ್ಲ ಬೆಲೆಗಳ ಚಿಹ್ನೆಯೂ ಬದಲಾಗುತ್ತದೆ. ಈ ಹಂತದಲ್ಲೇ ಅಳೆದರೆ ಪ್ರಯೋಜನವಿಲ್ಲ. ವರ್ಗ ಮಾಡಿದೊಡನೆ ಚಿಹ್ನೆ ಅಳಿಸಿಹೋಗಿ, ಯಾದೃಚ್ಛಿಕವಾದ ಒಂದು ಬೆಲೆಯಷ್ಟೇ ಸಿಗುತ್ತದೆ. ಆದ್ದರಿಂದ ಅಳತೆಗೆ ಮೊದಲು n ಕ್ಯೂಬಿಟ್‌ಗಳ ಮೇಲೆ ಮತ್ತೊಮ್ಮೆ ಹಡಮಾರ್ಡ್ ಗೇಟ್‌ಗಳನ್ನು ಪ್ರಯೋಗಿಸಲಾಗುತ್ತದೆ. ಇದರ ನಂತರ 'ಎಲ್ಲವೂ ಸೊನ್ನೆ' ಎಂಬ ಫಲಿತಾಂಶದ ಆಂಪ್ಲಿಟ್ಯೂಡ್, ಹಿಂದಿನ ಎಲ್ಲ ಚಿಹ್ನೆಗಳ (+1 ಅಥವಾ −1) ಸರಾಸರಿಯಾಗಿರುತ್ತದೆ. ಸ್ಥಿರ ಫಲನದಲ್ಲಿ ಈ ಸರಾಸರಿ +1 ಅಥವಾ −1, ಸಮತೋಲಿತ ಫಲನದಲ್ಲಿ ಸರಿಯಾಗಿ 0. ಎಲ್ಲವೂ ಸೊನ್ನೆ ಬಂದರೆ ಸ್ಥಿರ, ಬೇರೇನು ಬಂದರೂ ಸಮತೋಲಿತ.

== ಎರಡು ಬಿಟ್‌ಗಳ ಉದಾಹರಣೆ ==

ಎರಡು ಬಿಟ್‌ಗಳು ಬೇರೆಬೇರೆಯಾಗಿದ್ದಾಗ 1, ಒಂದೇ ಆಗಿದ್ದಾಗ 0 ಎನ್ನುವ ಫಲನವನ್ನು ತೆಗೆದುಕೊಳ್ಳೋಣ. ಇದು 01 ಮತ್ತು 10ಕ್ಕೆ 1 ಎಂದೂ, 00 ಮತ್ತು 11ಕ್ಕೆ 0 ಎಂದೂ ಉತ್ತರಿಸುವುದರಿಂದ ಸಮತೋಲಿತ. ಸಾಮಾನ್ಯ ಗಣಕವು 00 ಮತ್ತು 11 ಎರಡನ್ನೂ ಮೊದಲು ಕೇಳಿದ್ದರೆ ಮೂರನೆಯ ಪ್ರಶ್ನೆಯನ್ನೂ ಕೇಳಬೇಕಾಗುತ್ತಿತ್ತು. ಕ್ವಾಂಟಮ್ ವಿಧಾನದಲ್ಲಿ ಸ್ಥಿತಿಯು ಹೀಗೆ ಸಾಗುತ್ತದೆ (ಬದಲಾಗದ ಸಹಾಯಕವನ್ನು ಬಿಟ್ಟು ಬರೆದಿದೆ):

```
|00⟩
½( |00⟩ + |01⟩ + |10⟩ + |11⟩ )
½( |00⟩ − |01⟩ − |10⟩ + |11⟩ )
|11⟩
```

ಎರಡನೆಯ ಸಾಲು ಮೊದಲ ಹಡಮಾರ್ಡ್ ಗೇಟ್‌ಗಳ ಫಲ, ಮೂರನೆಯದು ಒರಾಕಲ್‌ನ ಫಲ, ನಾಲ್ಕನೆಯದು ಕೊನೆಯ ಹಡಮಾರ್ಡ್ ಗೇಟ್‌ಗಳ ಫಲ. 00ರ ಆಂಪ್ಲಿಟ್ಯೂಡ್ (1 − 1 − 1 + 1)/4 ಆದುದರಿಂದ ಸೊನ್ನೆ. 11ರ ವಿಷಯದಲ್ಲಿ ನಾಲ್ಕೂ ಪದಗಳು ಒಂದೇ ಚಿಹ್ನೆ ತಳೆದು ಕೂಡುವುದರಿಂದ ಅದು 1. ಅಳತೆ ಮಾಡಿದರೆ 11 ಮಾತ್ರ ಬರುತ್ತದೆ.

ಕೊನೆಗೆ ಬರುವ ಬೆಲೆಯು ಫಲನವನ್ನೇ ಗುರುತಿಸಿಕೊಡುತ್ತದೆ ಎಂದು ಇದರಿಂದ ತಿಳಿಯಬಾರದು. ಮೂರು ಬಿಟ್‌ಗಳಲ್ಲಿ ಕನಿಷ್ಠ ಎರಡು 1 ಇದ್ದರೆ 1 ಎನ್ನುವ 'ಬಹುಮತ' ಫಲನವೂ ಸಮತೋಲಿತವೇ. ಅದಕ್ಕೆ 001, 010, 100, 111 ಈ ನಾಲ್ಕರಲ್ಲಿ ಯಾವುದಾದರೂ ಒಂದು ಸಮಸಂಭವನೀಯತೆಯಿಂದ ಬರುತ್ತದೆ. 000 ಮಾತ್ರ ಎಂದಿಗೂ ಬಾರದು. ಒಂದೇ ಪ್ರಶ್ನೆಯಲ್ಲಿ ಫಲನದ ಎಲ್ಲ ಬೆಲೆಗಳೂ ತಿಳಿದುಬಿಡುತ್ತವೆ ಎಂಬ ಜನಪ್ರಿಯ ವಿವರಣೆ ಹೀಗಾಗಿ ತಪ್ಪು.

== ಮಿತಿಗಳು ==

ಮೊದಲ ಮಿತಿ ಭರವಸೆಗೆ ಸಂಬಂಧಿಸಿದ್ದು. ಎರಡೂ ಬಿಟ್‌ಗಳು 1 ಆಗಿದ್ದಾಗ ಮಾತ್ರ 1 ಎನ್ನುವ ಫಲನವು ಸ್ಥಿರವೂ ಅಲ್ಲ, ಸಮತೋಲಿತವೂ ಅಲ್ಲ. ಇದನ್ನು ಕ್ರಮಾವಳಿಗೆ ಒಡ್ಡಿದರೆ ಚಿಹ್ನೆಗಳ ಸರಾಸರಿ (1 + 1 + 1 − 1)/4, ಅಂದರೆ 1/2. ಹಾಗಾಗಿ ನಾಲ್ಕರಲ್ಲಿ ಒಂದು ಪಾಲು ಸಂಭವನೀಯತೆಯಿಂದ 00 ಬಂದು ಅದು 'ಸ್ಥಿರ' ಎಂದೇ ತೋರುತ್ತದೆ. ಸೊನ್ನೆಯಲ್ಲದ ಫಲಿತಾಂಶವು ಫಲನ ಸ್ಥಿರವಲ್ಲವೆಂಬುದನ್ನು ಯಾವಾಗಲೂ ಖಚಿತಪಡಿಸುತ್ತದೆ. ಆದರೆ ಎಲ್ಲವೂ ಸೊನ್ನೆ ಬಂದಾಗ, ಭರವಸೆಯಿಲ್ಲದೆ, ಫಲನ ಸಮತೋಲಿತವಲ್ಲ ಎಂದಷ್ಟೇ ಹೇಳಬಹುದು, ಸ್ಥಿರವೆಂದು ಹೇಳಲಾಗದು.

ಎರಡನೆಯದು ಇನ್ನೂ ಗಂಭೀರವಾದುದು. ಅತ್ಯಲ್ಪ ತಪ್ಪನ್ನು ಒಪ್ಪಿಕೊಂಡರೆ ಸಾಮಾನ್ಯ ಗಣಕಕ್ಕೂ ಈ ಸಮಸ್ಯೆ ಕಠಿಣವಲ್ಲ. ಯಾದೃಚ್ಛಿಕವಾಗಿ ಆರಿಸಿದ 20 ಬೆಲೆಗಳಿಗೂ ಒಂದೇ ಉತ್ತರ ಬಂದರೆ 'ಸ್ಥಿರ', ಇಲ್ಲವಾದರೆ 'ಸಮತೋಲಿತ' ಎಂದು ಹೇಳಬಹುದು. ಸಮತೋಲಿತ ಫಲನವೊಂದು ಈ ಪರೀಕ್ಷೆಯನ್ನು ವಂಚಿಸುವ ಸಂಭವ ಹೆಚ್ಚೆಂದರೆ 5,24,288ರಲ್ಲಿ ಒಂದು. N ಎಷ್ಟೇ ದೊಡ್ಡದಾದರೂ ಇದು ಬದಲಾಗದು. ಘಾತೀಯ ಅಂತರವೆಂಬುದು ತಪ್ಪಿಗೆ ಕಿಂಚಿತ್ತೂ ಎಡೆಯಿಲ್ಲದಾಗ ಮಾತ್ರ ಉಳಿಯುತ್ತದೆ. ನೈಜ ಕ್ವಾಂಟಮ್ ಯಂತ್ರಗಳಲ್ಲಿ ಗದ್ದಲದ ಕಾರಣ ಸ್ಥಿರ ಫಲನಕ್ಕೂ ಆಗಾಗ ಸೊನ್ನೆಯಲ್ಲದ ಫಲಿತಾಂಶ ಬರುವುದರಿಂದ ಈ ಶರತ್ತು ಅಲ್ಲಿಯೂ ಪೂರೈಸದು. ಯಾದೃಚ್ಛಿಕ ವಿಧಾನಗಳನ್ನೂ ಮೀರಿಸುವ ಘಾತೀಯ ಅಂತರವನ್ನು ತೋರಿಸಿದ ಡೇನಿಯಲ್ ಸೈಮನ್ ಅವರ 1994ರ ಕ್ರಮಾವಳಿಯು ಪೀಟರ್ ಶೋರ್ ಅವರ ಅಪವರ್ತನ ಕ್ರಮಾವಳಿಗೆ ಪ್ರೇರಣೆಯಾಯಿತು.

== ಇತಿಹಾಸ ==

ಡಾಯ್ಚ್ 1985ರಲ್ಲಿ ಒಂದೇ ಬಿಟ್ಟಿನ ಫಲನಕ್ಕೆ ಇದರ ಮೊದಲ ರೂಪವನ್ನು ಕೊಟ್ಟಿದ್ದರು. ಅದು ಒಂದೇ ಪ್ರಶ್ನೆ ಕೇಳುತ್ತಿತ್ತಾದರೂ ಅರ್ಧದಷ್ಟು ಸಲ ಮಾತ್ರ ಉತ್ತರ ಕೊಡುತ್ತಿತ್ತು. ಉಳಿದ ಸಲ 'ತಿಳಿಯಲಿಲ್ಲ' ಎಂದಷ್ಟೇ ತಿಳಿಯುತ್ತಿತ್ತು. 1992ರ ಕ್ರಮಾವಳಿಯು ಖಚಿತತೆಯನ್ನು ತಂದಿತು, ಆದರೆ ಸಹಾಯಕದಲ್ಲಿ f(x) ಬರೆದು, ಚಿಹ್ನೆ ಹಾಕಿ, ಬರೆದುದನ್ನು ಅಳಿಸಲು ಒರಾಕಲ್ಲನ್ನು ಮತ್ತೊಮ್ಮೆ ಕರೆಯಬೇಕಿತ್ತು. ರಿಚರ್ಡ್ ಕ್ಲೀವ್, ಆರ್ಟುರ್ ಎಕರ್ಟ್, ಕಿಯಾರಾ ಮಕಿಯಾವೆಲ್ಲೊ ಮತ್ತು ಮಿಕೆಲೆ ಮೋಸ್ಕಾ 1998ರಲ್ಲಿ ಸಹಾಯಕವನ್ನು ಮೇಲೆ ಹೇಳಿದ ವಿಶೇಷ ಸ್ಥಿತಿಯಲ್ಲಿ ಇರಿಸಿ ಎರಡನೆಯ ಕರೆಯನ್ನು ತಪ್ಪಿಸಿದರು.

ಅದೇ ವರ್ಷ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ತಂತ್ರದಿಂದ ಅಣುಗಳ ಪರಮಾಣು ಬೀಜಗಳನ್ನೇ ಕ್ಯೂಬಿಟ್‌ಗಳಾಗಿ ಬಳಸಿ ಒಂದು ಬಿಟ್ಟಿನ ರೂಪವನ್ನು ಪ್ರಯೋಗದಲ್ಲಿ ತೋರಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕವಿತಾ ದೊರೈ, ಅರವಿಂದ್ ಮತ್ತು ಅನಿಲ್ ಕುಮಾರ್ ಇದೇ ತಂತ್ರದಿಂದ ಈ ಕ್ರಮಾವಳಿಯನ್ನು ನಡೆಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು.