ಅವಧಿ ಮುಗಿದ ಕೆಲಸಕ್ಕೆ ಒಂದು ಸರಿಯಾದ ಪತ್ರ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ನಾಲ್ಕು ಜನರ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಟ್ರ್ಯಾಕ್ಟರ್ ಬಿಡಿಭಾಗಗಳ ಒಂದು ವರ್ಷದ ಆರ್ಡರ್ ಸಿಕ್ಕಾಗ ಮಾಲೀಕರು ಒಬ್ಬ ಲೇತ್ ಆಪರೇಟರನ್ನು ಫೆಬ್ರವರಿ 1ರಿಂದ ಜನವರಿ 31ರವರೆಗೆ ಎಂದು ಬರಹದ ಒಪ್ಪಂದ ಮಾಡಿಕೊಂಡು ಸೇರಿಸಿಕೊಂಡರು. ಈಗ ಆರ್ಡರ್ ಮುಗಿಯುತ್ತ ಬಂದಿದೆ, ಒಪ್ಪಂದ ಮುಂದುವರಿಸುವಂತಿಲ್ಲ. ಡಿಸೆಂಬರ್ ಕೊನೆಗೆ ಮಾಲೀಕರು ಪತ್ರ ಬರೆಯಲು ಕೂತರು.

ಮೊದಲು ಬರೆದದ್ದು ಹೀಗಿತ್ತು: ‘ನಿಮ್ಮ ಕೆಲಸ ತೃಪ್ತಿಕರವಾಗಿಲ್ಲ. ಮೇಲಿಂದ ಮೇಲೆ ತಡವಾಗಿ ಬರುತ್ತೀರಿ. ಆದ್ದರಿಂದ ಜನವರಿ 31ರಿಂದ ನಿಮ್ಮನ್ನು ಕೆಲಸದಿಂದ ತೆಗೆದುಹಾಕಲಾಗಿದೆ.’

ಈ ಮೂರು ಸಾಲುಗಳು ಕೆಲಸವನ್ನೇ ಕೆಡಿಸುತ್ತವೆ. ಒಪ್ಪಂದದ ಅವಧಿ ತಾನಾಗಿ ಮುಗಿಯುವುದು ಒಂದು, ತಪ್ಪು ಮಾಡಿದ್ದಕ್ಕೆ ಕೆಲಸದಿಂದ ತೆಗೆಯುವುದು ಇನ್ನೊಂದು. ಕೈಗಾರಿಕಾ ವಿವಾದಗಳ ಕಾಯ್ದೆಗೆ 1984ರಲ್ಲಿ ಬಂದ ತಿದ್ದುಪಡಿ, ಅವಧಿ ಮುಗಿದ ಒಪ್ಪಂದ ನವೀಕರಣವಾಗದಿದ್ದರೆ ಅದು ‘ಕೆಲಸಗಾರರ ಕಡಿತ’ ಅಲ್ಲ ಎಂಬ ದಾರಿಯನ್ನು ತೆರೆಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ನಿಗದಿತ ಅವಧಿಯ ಕೆಲಸ ಮುಗಿಯುವುದನ್ನು ಕಡಿತದ ಲೆಕ್ಕದಿಂದ ಹೊರಗಿಟ್ಟಿದೆ. ಆದರೆ ಪತ್ರದಲ್ಲಿ ಆರೋಪ ಹೊರಿಸಿದರೆ, ಇದು ಶಿಕ್ಷೆ, ವಿಚಾರಣೆಯಿಲ್ಲದೆ ಕೊಟ್ಟ ಶಿಕ್ಷೆ ಎಂದು ಕೆಲಸಗಾರ ಪ್ರಶ್ನಿಸಬಹುದು. ಮುಂದೆ ಬೇರೆ ಕಡೆ ಕೆಲಸ ಕೇಳುವಾಗ ಆ ಕಾಗದ ಅವನ ಬೆನ್ನಿಗೆ ಅಂಟಿದ ಕಲೆಯೂ ಆಗುತ್ತದೆ.

ಎರಡನೆಯ ಸಲ ಬರೆದದ್ದು ಹೀಗೆ: ‘ನಮ್ಮ ನಿಮ್ಮ ನಡುವಿನ ಒಪ್ಪಂದದ ಅವಧಿ ಜನವರಿ 31ಕ್ಕೆ ಮುಗಿಯುತ್ತದೆ. ಯಾವ ಕೆಲಸಕ್ಕಾಗಿ ನಿಮ್ಮನ್ನು ನೇಮಿಸಲಾಗಿತ್ತೋ ಆ ಆರ್ಡರ್ ಪೂರ್ಣವಾಗಿರುವುದರಿಂದ ಒಪ್ಪಂದವನ್ನು ನವೀಕರಿಸುತ್ತಿಲ್ಲ. ನಿಮ್ಮ ಕೊನೆಯ ಕೆಲಸದ ದಿನ ಜನವರಿ 31. ಬಾಕಿ ಸಂಬಳ, ರಜೆಯ ಹಣ, ಗ್ರಾಚ್ಯುಟಿಯ ಲೆಕ್ಕ ಇದರ ಜೊತೆಗಿದೆ.’ ಇದರಲ್ಲಿ ತಪ್ಪಿಲ್ಲ, ದೂಷಣೆಯಿಲ್ಲ. ದಿನಾಂಕ ಮತ್ತು ಕಾರಣ ಎರಡೂ ಇವೆ. ಆದರೆ ಆ ಕಾರಣ ನಿಜವಾಗಿರಬೇಕು. ಮರುವಾರವೇ ಅದೇ ಲೇತ್‌ಗೆ ಇನ್ನೊಬ್ಬರನ್ನು ಕೂರಿಸಿದರೆ ಪತ್ರ ಸುಳ್ಳಾಗುತ್ತದೆ.

ಪತ್ರ ಯಾವಾಗ ಕೊಡಬೇಕು? ಮೊದಲು ಒಪ್ಪಂದವನ್ನೇ ತೆರೆದು ನೋಡಬೇಕು. ಅದರಲ್ಲಿ ಮೂವತ್ತು ದಿನದ ಮುನ್ಸೂಚನೆ ಎಂದಿದ್ದರೆ ಅದರಂತೆಯೇ ನಡೆಯಬೇಕು. ಅಂಥ ಷರತ್ತೇ ಇಲ್ಲದಿದ್ದರೂ ಒಂದು ತಿಂಗಳು ಮುಂಚೆ ಹೇಳಿದರೆ ಕೆಲಸಗಾರ ಬೇರೆ ಕೆಲಸ ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ತಲುಪಿದೆ’ ಎಂದು ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಬೇಕು. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು.

ಹೆಚ್ಚು ಮಾಲೀಕರು ಎಡವುವುದು ಗ್ರಾಚ್ಯುಟಿಯಲ್ಲಿ. ಐದು ವರ್ಷ ಆಗಿಲ್ಲವಲ್ಲ, ಕೊಡಬೇಕಿಲ್ಲ ಎಂಬ ನಂಬಿಕೆ ಹಳೆಯದು. ಹತ್ತು ಅಥವಾ ಹೆಚ್ಚು ಜನರಿರುವ ಘಟಕದಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಕೊಡುತ್ತದೆ. ನಮ್ಮ ಆಪರೇಟರ್‌ನ ಒಪ್ಪಂದ ಸಂಹಿತೆ ಜಾರಿಯಾದ ಮೇಲೆ ಆದದ್ದು, ಲೆಕ್ಕಕ್ಕೆ ಬರುವ ತಿಂಗಳ ವೇತನ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷಕ್ಕೆ ಸುಮಾರು 10,385 ರೂಪಾಯಿ. ಇದು ಔದಾರ್ಯವಲ್ಲ, ಅವನು ದುಡಿದ ಹಣ.

ಪಿಎಫ್ ಇದ್ದರೆ ಇನ್ನೊಂದು ಚಿಕ್ಕ ಕೆಲಸ ಉಳಿಯುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ಪೋರ್ಟಲ್‌ನಲ್ಲಿ ನಮೂದಿಸಬೇಕು. ಆ ಒಂದು ದಿನಾಂಕ ಬಿಟ್ಟುಹೋದರೆ ಹಣ ತೆಗೆಯಲು, ವರ್ಗಾಯಿಸಲು ಕೆಲಸಗಾರ ಅಲೆದಾಡಬೇಕಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಎರಡು ಕಡೆ ಪತ್ರ ಬಲ ಕಳೆದುಕೊಳ್ಳುತ್ತದೆ. ಒಂದು, ಜನವರಿ 31 ದಾಟಿದ ಮೇಲೂ ‘ಇನ್ನೆರಡು ವಾರ ಬಂದು ಹೋಗು’ ಎಂದು ಬರಹವಿಲ್ಲದೆ ದುಡಿಸಿಕೊಂಡಾಗ. ಆಗ ಹಳೆಯ ಒಪ್ಪಂದವೇ ಮುಂದುವರಿದಿದೆ ಎನ್ನಲು ಕೆಲಸಗಾರನಿಗೆ ಆಧಾರ ಸಿಗುತ್ತದೆ. ಎರಡು, ವರ್ಷವಿಡೀ ಇರುವ ಕೆಲಸಕ್ಕೇ ಒಬ್ಬನನ್ನು ಹನ್ನೊಂದು ಹನ್ನೊಂದು ತಿಂಗಳ ಒಪ್ಪಂದಗಳಲ್ಲಿ ವರ್ಷಗಟ್ಟಲೆ ಸುತ್ತಿಸಿ ಕೊನೆಗೆ ‘ಅವಧಿ ಮುಗಿಯಿತು’ ಎಂದಾಗ. ಕಾಯಂ ಹಕ್ಕು ತಪ್ಪಿಸಲು ತಾತ್ಕಾಲಿಕವಾಗಿಯೇ ಇಟ್ಟುಕೊಳ್ಳುವುದನ್ನು ಕಾನೂನು ಅನುಚಿತ ಕಾರ್ಮಿಕ ಪದ್ಧತಿ ಎಂದು ಕರೆಯುತ್ತದೆ. ನಮ್ಮ ಆಪರೇಟರ್‌ನನ್ನು ಒಂದು ಆರ್ಡರ್‌ಗಾಗಿಯೇ ಸೇರಿಸಿಕೊಂಡದ್ದು, ಆರ್ಡರ್ ಮುಗಿದದ್ದು ನಿಜ. ಆದ್ದರಿಂದಲೇ ಅವನಿಗೆ ಕೊಟ್ಟ ಆ ನಾಲ್ಕು ಸಾಲಿನ ಪತ್ರ ನಿಲ್ಲುತ್ತದೆ.